ಉಳಿದ ಆರು ಎಲ್ಲಿ ಹೋಯಿತು?

ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇದ್ದಲ್ಲಿ ಲೇತ್ ಅಂಗಡಿಯೂ ಇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಭತ್ತ ತಂದಿತು, ಭತ್ತ ಗಿರಣಿ ತಂದಿತು, ಗಿರಣಿಯ ಸವೆದ ಶಾಫ್ಟು, ಮುರಿದ ಪುಲಿ ಲೇತ್‌ನವರಿಗೆ ಕೆಲಸ ತಂದವು. ಅಂಥ ಒಂದು ಅಂಗಡಿಗೆ ನಾನು ಚಿತ್ರ ಬರೆದ ಹಾಳೆ ಹಿಡಿದುಕೊಂಡು ಹೋದೆ. ಬೇಕಾಗಿದ್ದದ್ದು ಎರಡೇ ವಸ್ತು: 24 ಸೆಂಟಿಮೀಟರ್ ವ್ಯಾಸದ, 4 ಮಿಲಿಮೀಟರ್ ದಪ್ಪದ ಕಬ್ಬಿಣದ ತಟ್ಟೆ, ಮತ್ತು ದಪ್ಪ ಪೈಪಿನಿಂದ ಕತ್ತರಿಸಿದ 4 ಸೆಂಟಿಮೀಟರ್ ಎತ್ತರದ ಬಳೆ.

“ಇದು ಯಾವ ಮಷೀನಿಂದ್ರೀ ಸರ?” ಎಂದರು ಲೇತ್‌ನವರು.

“ಯಾವ ಮಷೀನಿಂದೂ ಅಲ್ರೀ. ತಟ್ಟಿ ತಿರುಗ್ತಿರ್ತದ, ಮ್ಯಾಲಿಂದ ಬಳಿ ಬಿಡ್ತೀವಿ.”

“ಬಿಟ್ರ ಏನಾಕ್ಕೈತ್ರೀ?”

“ತಟ್ಟಿ ನಿಧಾನ ಆಕ್ಕೈತಿ. ಎಷ್ಟು ನಿಧಾನ ಆಕ್ಕೈತಿ ಅನ್ನೋದನ್ನ ಬಳಿ ಬಿಡೋಕ್ಕಿಂತ ಮೊದಲ ಹೇಳಬೇಕು.”

ಅವರು ಸ್ವಲ್ಪ ಹೊತ್ತು ಹಾಳೆ ನೋಡಿ, ತಟ್ಟೆಯನ್ನು ಚಕ್‌ನಿಂದ ಬಿಚ್ಚುವ ಮೊದಲೇ ಅದರ ಮೇಲೆ 13 ಸೆಂಟಿಮೀಟರ್ ವ್ಯಾಸದ ತೆಳು ಗೆರೆಯೊಂದನ್ನು ಟೂಲಿನ ತುದಿಯಿಂದ ಎಳೆದುಕೊಟ್ಟರು. “ಬಳಿ ಇದರ ಮ್ಯಾಲ ಕೂರಲಿ, ಅಂದ್ರ ನಟ್ಟನಡುವ ಬಿತ್ತು ಅಂತ ಗೊತ್ತಾಕ್ಕೈತಿ.” ತಟ್ಟೆಯ ಅಂಚು ಕಡೆದದ್ದೂ ಗೆರೆ ಎಳೆದದ್ದೂ ಒಂದೇ ಕಟ್ಟಿನಲ್ಲಿ ಆದ್ದರಿಂದ ಎರಡರ ಕೇಂದ್ರವೂ ಒಂದೇ. ನಾನು ಕೇಳದೆ ಬಂದ ಆ ಗೆರೆ ಮುಂದೆ ಎಷ್ಟು ಉಪಯೋಗಕ್ಕೆ ಬಂತು ಎನ್ನುವುದನ್ನು ಹೇಳುತ್ತೇನೆ.

ಈಗ ತತ್ತ್ವದ ಮಾತು. ಕುಂಬಾರರ ತಿಗರಿಯನ್ನು ನೋಡಿದವರಿಗೆ ಇದು ಹೊಸದಲ್ಲ. ತಿಗರಿಯ ಭಾರವೆಲ್ಲ ಅಂಚಿನಲ್ಲಿರುತ್ತದೆ. ಅದಕ್ಕೇ ಒಮ್ಮೆ ಕೋಲಿನಿಂದ ತಿರುವಿದರೆ ಮಣ್ಣಿಗೆ ಕೈ ಒತ್ತಿದರೂ ಬೇಗ ನಿಲ್ಲುವುದಿಲ್ಲ. ಒಂದು ವಸ್ತುವನ್ನು ತಿರುಗಿಸುವುದು, ತಿರುಗುತ್ತಿರುವುದನ್ನು ನಿಲ್ಲಿಸುವುದು ಎಷ್ಟು ಕಷ್ಟ ಎಂಬುದು ಅದರ ತೂಕದ ಮೇಲಷ್ಟೇ ಅಲ್ಲ, ಆ ತೂಕ ಅಕ್ಷದಿಂದ ಎಷ್ಟು ದೂರ ಹರಡಿದೆ ಎಂಬುದರ ಮೇಲೂ ನಿಂತಿದೆ. ಕಾಲೇಜಿನಲ್ಲಿ ಇದನ್ನು ಮೊಮೆಂಟ್ ಆಫ್ ಇನರ್ಷಿಯಾ ಎನ್ನುತ್ತಾರೆ. ಇಲ್ಲಿ ತಿರುಗು ಜಡತ್ವ ಎಂದು ಕರೆಯೋಣ. ಅದನ್ನು ತಿರುಗುವ ವೇಗದಿಂದ ಗುಣಿಸಿದರೆ ಸಿಗುವುದು ಕೋನೀಯ ಸಂವೇಗ. ಹೊರಗಿನಿಂದ ಯಾರೂ ತಿರುಚದಿದ್ದರೆ ಈ ಗುಣಲಬ್ಧ ಬದಲಾಗುವುದಿಲ್ಲ.

ತಿರುಗುವ ತಟ್ಟೆಯ ಮೇಲೆ ತಿರುಗದ ಬಳೆಯನ್ನು ಬಿಟ್ಟಾಗ ಆಗುವುದೂ ಇದೇ. ಬಳೆ ನೇರ ಕೆಳಕ್ಕೆ ಬೀಳುವುದರಿಂದ ಲಂಬ ಅಕ್ಷದ ಸುತ್ತ ಅದು ತನ್ನ ಜೊತೆ ಏನನ್ನೂ ತರುವುದಿಲ್ಲ, ಏನನ್ನೂ ಒಯ್ಯುವುದಿಲ್ಲ. ತಟ್ಟೆ ಬಳೆಯನ್ನು ಎಳೆಯುತ್ತದೆ, ಬಳೆ ತಟ್ಟೆಯನ್ನು ಅಷ್ಟೇ ಬಲದಿಂದ ತಡೆಯುತ್ತದೆ. ತಟ್ಟೆ ಕಳೆದುಕೊಂಡದ್ದು ಬಳೆಗೆ ಸಿಗುತ್ತದೆ. ಕೊನೆಗೆ ಎರಡೂ ಒಂದೇ ವೇಗದಲ್ಲಿ ತಿರುಗತೊಡಗುತ್ತವೆ.

ನಮ್ಮ ತಟ್ಟೆಯ ತೂಕ 1.42 ಕಿಲೋಗ್ರಾಂ. ತಟ್ಟೆಗೆ ಸೂತ್ರ I = ½MR²; ತ್ರಿಜ್ಯ 0.12 ಮೀಟರ್ ಇಟ್ಟರೆ 0.01022 ಬರುತ್ತದೆ. ಬಳೆಯ ತೂಕ 1.184 ಕಿಲೋಗ್ರಾಂ, ಹೊರ ವ್ಯಾಸ 13, ಒಳ ವ್ಯಾಸ 11 ಸೆಂಟಿಮೀಟರ್; ಅದಕ್ಕೆ I = ½m(r₁² + r₂²), ಅಂದರೆ 0.00429. ತಟ್ಟೆಯ ಜಡತ್ವವನ್ನು ಎರಡರ ಮೊತ್ತದಿಂದ ಭಾಗಿಸಿದರೆ 0.704. ಬಳೆ ಬಿದ್ದ ಮೇಲೆ ವೇಗ ಮೊದಲಿನ ನೂರಕ್ಕೆ ಎಪ್ಪತ್ತರಷ್ಟು ಉಳಿಯಬೇಕು. ಮೊದಲ ವೇಗ ಎಷ್ಟೇ ಇರಲಿ, ಬಳೆಯ ಮೇಲ್ಮೈ ನುಣುಪಿರಲಿ ಒರಟಿರಲಿ, ಈ ಸಂಖ್ಯೆ ಬದಲಾಗುವಂತಿಲ್ಲ.

ವೇಗ ಅಳೆಯಲು ಮೊಬೈಲ್ ಸಾಕು. ಅದನ್ನು ಸ್ಟ್ಯಾಂಡಿಗೆ ಕಟ್ಟಿ ತಟ್ಟೆಯ ಮೇಲ್ಗಡೆ ತೂಗುಹಾಕಿ, ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಹಿಡಿಯುವಂತೆ ಇಟ್ಟೆವು. ತಟ್ಟೆಯ ಅಂಚಿಗೊಂದು, ಬಳೆಯ ಮೇಲೊಂದು ಬಿಳಿ ಬಣ್ಣದ ಚುಕ್ಕೆ. ಚುಕ್ಕೆ ಒಂದು ಸುತ್ತು ಬರಲು ಎಷ್ಟು ಫ್ರೇಮ್ ಹಿಡಿಯಿತೆಂದು ಎಣಿಸಿದರೆ ಆಯಿತು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಬೇಡ, ಕಿಟಕಿ ಬೆಳಕಿನಲ್ಲಿ ಮಾಡಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಹಳೆಯ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ, ಫ್ರೇಮುಗಳಲ್ಲಿ ಚುಕ್ಕೆ ಕಂಡೂ ಕಾಣದಂತಾಗುತ್ತದೆ. ಮೊಬೈಲಿನ 240 ನಿಜಕ್ಕೂ 238 ಆಗಿದ್ದರೆ ಗತಿಯೇನು ಎಂದು ಕೇಳಬಹುದು. ಏನೂ ಆಗುವುದಿಲ್ಲ. ನಮಗೆ ಬೇಕಾದದ್ದು ಎರಡು ವೇಗಗಳ ಅನುಪಾತ, ಎರಡನ್ನೂ ಅಳೆದದ್ದು ಅದೇ ಗಡಿಯಾರ. ತಕ್ಕಡಿ ಎಲ್ಲವನ್ನೂ ನೂರಕ್ಕೆ ಒಂದರಷ್ಟು ಹೆಚ್ಚು ತೋರಿಸಿದರೂ ಅಷ್ಟೇ, ಅದೂ ಹೊಡೆದುಹೋಗುತ್ತದೆ.

ಬೇರಿಂಗ್ ಮೇಲೆ ಕೂರಿಸಿದ ತಟ್ಟೆಯನ್ನು ಕೈಯಿಂದ ತಿರುವಿ ಬಿಟ್ಟೆವು. ಬಳೆಯನ್ನು ಎರಡೂ ಕೈಯ ಬೆರಳತುದಿಗಳಲ್ಲಿ ಹಿಡಿದು, ಮೂರು ಮಿಲಿಮೀಟರ್ ಎತ್ತರದಿಂದ ಬಿಡಬೇಕು. ಠಣ್ ಎಂದು ಬೀಳಬಾರದು, ಕೂರಬೇಕು. ಬಳೆ ಕೂತ ಕ್ಷಣಕ್ಕೆ ಕಿರ್ ಎಂಬ ಉಜ್ಜುವ ಸದ್ದು ಬರುತ್ತದೆ, ಸ್ವಲ್ಪದರಲ್ಲೇ ನಿಲ್ಲುತ್ತದೆ. ಆಮೇಲೆ ಎರಡು ಚುಕ್ಕೆಗಳೂ ಜೋಡಿಯಾಗಿ ಸುತ್ತುತ್ತವೆ.

ಬಳೆ ಬೀಳುವ ಮೊದಲಿನ ಐದು ಸುತ್ತುಗಳನ್ನು ನನ್ನ ವಿದ್ಯಾರ್ಥಿಗಳಲ್ಲಿ ಕುಷ್ಟಗಿ ಕಡೆಯ ಹುಡುಗನೊಬ್ಬ ಎಣಿಸಿದ: 96, 97, 98, 99, 100 ಫ್ರೇಮ್. ಬಿದ್ದ ನಂತರದ ಐದು ಸುತ್ತು: 126, 147, 151, 155, 160. ಮೊದಲಿನ ಮೊತ್ತ 490, ನಂತರದ್ದು 739. ಭಾಗಿಸಿದರೆ 0.663. ಬರಬೇಕಾದದ್ದು 0.704. ಯಲಬುರ್ಗಾದ ವಿದ್ಯಾರ್ಥಿನಿಯೊಬ್ಬಳು ಲೆಕ್ಕ ಮುಗಿಸಿ ತಲೆ ಎತ್ತಿದಳು. “ಸರ್, ನೂರಕ್ಕ ತೊಂಬತ್ನಾಕು ಬಂತ್ರಿ. ಉಳಿದ ಆರು ಎಲ್ಲಿ ಹೋತ್ರಿ?”

ಇಂಥ ಪ್ರಶ್ನೆಗೆ ರೆಕಾರ್ಡ್ ಪುಸ್ತಕಗಳಲ್ಲಿ ಸಿದ್ಧ ಉತ್ತರ ಇರುತ್ತದೆ: “ಘರ್ಷಣೆ ಮತ್ತು ಮಾನವ ದೋಷದಿಂದ.” ಈ ಸಾಲು ನನಗೆ ಸಹ್ಯವಾಗುವುದಿಲ್ಲ. ಯಾವ ಘರ್ಷಣೆ, ಎಷ್ಟು, ಯಾವ ದಿಕ್ಕಿಗೆ ಎಂದು ಹೇಳದ ಮೇಲೆ ಅದು ಉತ್ತರವೇ ಅಲ್ಲ.

ಮೊದಲು 126ನ್ನು ನೋಡಿ. ಅದು ಉಳಿದವುಗಳ ಸಾಲಿಗೆ ಸೇರುವುದಿಲ್ಲ. 126ರಿಂದ 147ಕ್ಕೆ 21ರ ಜಿಗಿತ, ಆಮೇಲೆ ನಾಲ್ಕು, ನಾಲ್ಕು, ಐದು. ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸಿದರೆ ಕಾರಣ ಕಾಣುತ್ತದೆ: ಬಳೆ ಕೂತ ಮೇಲೂ ಅದರ ಚುಕ್ಕೆ ತಟ್ಟೆಯ ಚುಕ್ಕೆಗಿಂತ ಹಿಂದೆ ಬೀಳುತ್ತಲೇ ಇರುತ್ತದೆ. ಸುಮಾರು 80 ಫ್ರೇಮ್, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ, ಬಳೆ ಜಾರುತ್ತಿದೆ. ಕಬ್ಬಿಣದ ಮೇಲೆ ಕಬ್ಬಿಣದ ಘರ್ಷಣಾಂಕ 0.2 ಎಂದು ಹಿಡಿದು ಲೆಕ್ಕ ಹಾಕಿದರೂ ಅಷ್ಟೇ ಹೊತ್ತು ಬರುತ್ತದೆ. ಅಲ್ಲಿಯವರೆಗೆ ತಟ್ಟೆ ಹಳೆಯ ವೇಗದಿಂದ ಹೊಸ ವೇಗಕ್ಕೆ ಇಳಿಯುತ್ತಿದೆ. ಆದ್ದರಿಂದ ಮೊದಲ ಸುತ್ತು ಹಿಂದಿನದೂ ಅಲ್ಲ, ಮುಂದಿನದೂ ಅಲ್ಲ. ಅದನ್ನು ಬಿಟ್ಟು ಆರನೆಯ ಸುತ್ತನ್ನು ಸೇರಿಸಬೇಕು. ಆರನೆಯದು 165 ಫ್ರೇಮ್. ಈಗ ಮೊತ್ತ 778, ಅನುಪಾತ 0.630.

ಉತ್ತರ ಸುಧಾರಿಸಲಿಲ್ಲ, ಇನ್ನೂ ಕೆಟ್ಟಿತು. ನೂರಕ್ಕೆ ತೊಂಬತ್ತೂ ಇಲ್ಲ. ಹುಡುಗರ ಮುಖ ಸಪ್ಪಗಾಯಿತು. ಆದರೆ ಇದು ಸರಿಯಾದ ಹೆಜ್ಜೆಯೇ. ಮೊದಲಿನ 94ರಲ್ಲಿ ಎರಡು ತಪ್ಪುಗಳು ಎದುರುಬದುರಾಗಿ ನಿಂತು ಒಂದನ್ನೊಂದು ಅರ್ಧ ಮುಚ್ಚಿಕೊಂಡಿದ್ದವು. ಜಾರುವ ಹೊತ್ತಿನ ವೇಗವನ್ನು ಸೇರಿಸಿದ್ದು ಉತ್ತರವನ್ನು ಮೇಲೆತ್ತಿತ್ತು. ಅದನ್ನು ತೆಗೆದಾಗ ಇನ್ನೊಂದು ತಪ್ಪು ಪೂರ್ತಿ ಬಯಲಾಯಿತು.

ಆ ಇನ್ನೊಂದು ತಪ್ಪು ಬೇರಿಂಗ್‌ನದು. ಸಾಲನ್ನು ಮತ್ತೆ ಓದಿ: 96, 97, 98, 99, 100. ಬಳೆ ಬೀಳುವ ಮೊದಲೇ ಪ್ರತಿ ಸುತ್ತಿಗೂ ಒಂದೊಂದು ಫ್ರೇಮ್ ಹೆಚ್ಚುತ್ತಿದೆ. ಕೈಬಿಟ್ಟ ತಟ್ಟೆ ತಾನಾಗಿ ನಿಲ್ಲಲು ಹೆಚ್ಚುಕಡಿಮೆ ನಲವತ್ತು ಸೆಕೆಂಡ್ ಸಾಕು. ಬಳೆ ಕೂತ ಮೇಲೆ ಬೇರಿಂಗ್ ಮೇಲಿನ ಭಾರ ಹೆಚ್ಚಿ ಇಳಿಕೆ ಇನ್ನಷ್ಟು ಜೋರಾಗುತ್ತದೆ. ನಾವು ಹೋಲಿಸಿದ್ದು ಬಳೆ ಬೀಳುವ ಒಂದು ಸೆಕೆಂಡ್ ಹಿಂದಿನ ವೇಗವನ್ನು ಬಿದ್ದ ಎರಡು ಸೆಕೆಂಡ್ ನಂತರದ ವೇಗಕ್ಕೆ. ನಡುವಿನ ಮೂರು ಸೆಕೆಂಡಿನಲ್ಲಿ ಬೇರಿಂಗ್ ತನ್ನ ಪಾಲು ತಿಂದಿದೆ. ಹಾಗೆಂದು ಒಂದೇ ಸುತ್ತು ಅಳೆದರೆ ಎಣಿಕೆಯಲ್ಲಿ ಒಂದು ಫ್ರೇಮ್ ತಪ್ಪಿದರೂ ನೂರಕ್ಕೆ ಒಂದರ ದೋಷ. ಹೆಚ್ಚು ಸುತ್ತು ಎಣಿಸಿದರೆ ಬೇರಿಂಗ್ ಕಾಡುತ್ತದೆ, ಕಡಿಮೆ ಎಣಿಸಿದರೆ ಕಣ್ಣು ಕಾಡುತ್ತದೆ.

ಇದಕ್ಕೆ ದಾರಿ ಗ್ರಾಫ್ ಹಾಳೆಯಲ್ಲಿದೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ವೇಗ. 240ನ್ನು ಪ್ರತಿ ಎಣಿಕೆಯಿಂದ ಭಾಗಿಸಿದರೆ ಆ ಸುತ್ತಿನ ವೇಗ ಸಿಗುತ್ತದೆ. ಅದನ್ನು ಸುತ್ತಿನ ನಡುಗಾಲಕ್ಕೆ ಎದುರಾಗಿ ಗುರುತಿಸಬೇಕು. ಬೀಳುವ ಮೊದಲಿನ ಐದು ಚುಕ್ಕೆಗಳ ಮೇಲೆ ಒಂದು ನೇರ ಗೆರೆ, ನಂತರದ ಐದರ ಮೇಲೆ ಇನ್ನೊಂದು. ಮೊದಲ ಗೆರೆಯನ್ನು ಮುಂದಕ್ಕೆ, ಎರಡನೆಯದನ್ನು ಹಿಂದಕ್ಕೆ ಎಳೆದು, ಬಳೆ ತಟ್ಟೆಗೆ ತಾಗಿದ ಕ್ಷಣದ ಲಂಬ ಗೆರೆಗೆ ಮುಟ್ಟಿಸಿ. ಮೊದಲನೆಯದು ಸೆಕೆಂಡಿಗೆ 2.388 ಸುತ್ತಿನಲ್ಲಿ ಮುಟ್ಟಿತು, ಎರಡನೆಯದು 1.690ರಲ್ಲಿ. ಅನುಪಾತ 0.708.

ಜಾರುವ ಹೊತ್ತನ್ನು ಹಾರಿ ಹೀಗೆ ಹಿಂದಕ್ಕೆ ಎಳೆಯುವುದು ನ್ಯಾಯವೇ? ನ್ಯಾಯವೇ. ಜಾರುವಾಗ ನಡೆಯುವುದು ತಟ್ಟೆ ಮತ್ತು ಬಳೆಯ ನಡುವಿನ ಕೊಡುಕೊಳ್ಳುವಿಕೆ, ಅದು ಒಟ್ಟು ಸಂವೇಗವನ್ನು ಮುಟ್ಟುವುದಿಲ್ಲ. ಒಟ್ಟನ್ನು ಕಡಿಮೆ ಮಾಡುವುದು ಬೇರಿಂಗ್ ಮಾತ್ರ, ಅದು ಬಳೆ ಕೂತ ಕ್ಷಣದಿಂದಲೂ ಒಂದೇ ಸಮ ಎಳೆಯುತ್ತಿದೆ. ಕಳೆದುಹೋಗಿದ್ದ ಆರು ಹೀಗೆ ಬೇರಿಂಗ್‌ನಲ್ಲಿ ಸಿಕ್ಕಿತು. ಆ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸಿನ ಬದಲು ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೆರಡು ಹನಿ ಬಿಟ್ಟರೆ ಇಳಿಕೆ ಕಡಿಮೆಯಾಗುತ್ತದೆ. ಗ್ರೀಸ್ ಇರುವಾಗ ಜನವರಿಯ ಮುಂಜಾನೆಗೂ ಕೊಪ್ಪಳದ ಏಪ್ರಿಲ್ ಮಧ್ಯಾಹ್ನಕ್ಕೂ ಒಂದೇ ಇಳಿಕೆ ಬರುವುದಿಲ್ಲ. ತಂಪಿಗೆ ಗ್ರೀಸ್ ಗಟ್ಟಿಯಾಗುತ್ತದೆ. ಹೋದ ಸಲದ ಗೆರೆಯನ್ನು ಈ ಸಲಕ್ಕೆ ಬಳಸಬಾರದು.

ಆದರೆ 0.708 ಬರಬೇಕಾದ 0.704ಕ್ಕಿಂತ ಹೆಚ್ಚು. ಸಂವೇಗ ಉಳಿದದ್ದಷ್ಟೇ ಅಲ್ಲ, ಅರ್ಧ ಪ್ರತಿಶತ ಬೆಳೆದಂತೆ ಕಾಣುತ್ತದೆ. ಘರ್ಷಣೆಯನ್ನು ಇಲ್ಲಿ ದೂರುವಂತಿಲ್ಲ, ಅದು ಯಾವಾಗಲೂ ಕಡಿಮೆಯ ಕಡೆಗೇ ಎಳೆಯುತ್ತದೆ. ದೋಷದ ಗಾತ್ರಕ್ಕಿಂತ ಅದರ ದಿಕ್ಕು ಹೆಚ್ಚು ಹೇಳುತ್ತದೆ. ಹೆಚ್ಚಿನ ಕಡೆಗೆ ತಳ್ಳುವವರು ಯಾರು?

ತಟ್ಟೆಯ ಕೆಳಗೆ ಬಗ್ಗಿ ನೋಡಿ. ತಟ್ಟೆಯನ್ನು ಬೇರಿಂಗಿಗೆ ಕೂಡಿಸುವ ಹಬ್ ಅಲ್ಲಿದೆ, 6 ಸೆಂಟಿಮೀಟರ್ ವ್ಯಾಸದ್ದು, ಸುಮಾರು 600 ಗ್ರಾಂ. ಅದೂ ತಟ್ಟೆಯ ಜೊತೆ ತಿರುಗುತ್ತದೆ, ನಮ್ಮ ಲೆಕ್ಕದಲ್ಲಿ ಮಾತ್ರ ಇಲ್ಲ. ಅಕ್ಷಕ್ಕೆ ಹತ್ತಿರ ಇರುವುದರಿಂದ ಅದರ ಜಡತ್ವ 0.00027 ಅಷ್ಟೇ. ಮೊದಲೂ ನಂತರವೂ ಅದು ಇದ್ದೇ ಇದೆ. ಆದರೆ ಬಳೆ ಬೀಳುವ ಮೊದಲು ಒಟ್ಟು ಜಡತ್ವ ಕಡಿಮೆ ಇರುವುದರಿಂದ ಅದನ್ನು ಮರೆತ ನಷ್ಟ ಅಲ್ಲಿಯೇ ದೊಡ್ಡದು. ಹಾಗಾಗಿ ಮೊದಲಿನ ಸಂವೇಗ ನಂತರದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕಡಿಮೆಯಾಗಿ ಲೆಕ್ಕಕ್ಕೆ ಬಂದು, ನಂತರದ್ದು ಬೆಳೆದಂತೆ ತೋರುತ್ತದೆ. ಹಬ್ಬನ್ನು ಸೇರಿಸಿದರೆ ಬರಬೇಕಾದ ಅನುಪಾತ 0.710. ನಮ್ಮ 0.708 ಈಗ ಒಂದಿಷ್ಟು ಕೆಳಗೆ.

ಇಲ್ಲಿ ಜಾಗ್ರತೆ ಬೇಕು. ಫ್ರೇಮ್ ಎಣಿಕೆಯಿಂದ ನಮ್ಮ ಅನುಪಾತದಲ್ಲಿ ಅರ್ಧ ಪ್ರತಿಶತದಷ್ಟು ಅನುಮಾನ ಇದ್ದೇ ಇದೆ. 0.704 ಮತ್ತು 0.710ರ ನಡುವಿನ ಅಂತರ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಒಂದು ಸಲ ಬಳೆ ಬಿಟ್ಟು ಹಬ್‌ನ ಪ್ರಭಾವವನ್ನು ಕಂಡೆವು ಎಂದರೆ ಅದು ಸುಳ್ಳು. ಅದನ್ನು ದೊಡ್ಡದು ಮಾಡಿ ನೋಡಬಹುದು: ಅದೇ ಅಳತೆಯ ತಟ್ಟೆಯನ್ನು ಅಲ್ಯೂಮಿನಿಯಂನಲ್ಲಿ ಮಾಡಿಸಿದರೆ ತಟ್ಟೆಯ ಜಡತ್ವ ಮೂರನೇ ಒಂದಕ್ಕೆ ಇಳಿಯುತ್ತದೆ, ಹಬ್ ಅಷ್ಟೇ ಉಳಿಯುತ್ತದೆ. ಆಗ ಹಬ್ ಮರೆತವರಿಗೆ ನೂರಕ್ಕೆ 104 ಬರುತ್ತದೆ. ಸೂತ್ರದ ಗೊಡವೆಯೇ ಬೇಡ ಎನ್ನುವವರು ಹಬ್ಬಿಗೆ ದಾರ ಸುತ್ತಿ, ಸಣ್ಣ ತೂಕ ಇಳಿಬಿಟ್ಟು, ತಟ್ಟೆ ಎಷ್ಟು ಬೇಗ ವೇಗ ಪಡೆಯುತ್ತದೆ ಎಂದು ಅಳೆದರೆ ತಟ್ಟೆ ಹಬ್ ಎರಡರ ಜಡತ್ವವೂ ಒಟ್ಟಿಗೆ ಸಿಗುತ್ತದೆ. ತಾನಾಗಿ ನಿಲ್ಲುವ ಇಳಿಕೆಯನ್ನು ಆ ಲೆಕ್ಕಕ್ಕೆ ಕೂಡಿಸಲು ಮರೆಯಬಾರದು.

ಇನ್ನು ಬೆರಳುಗಳು. ಬಳೆ ಬಿಡುವಾಗ ಕೈ ಸ್ವಲ್ಪ ತಿರುಚಿ, ಬಳೆಗೆ ಹತ್ತು ಸೆಕೆಂಡಿಗೆ ಒಂದು ಸುತ್ತಿನಷ್ಟು ವೇಗ ಸಿಕ್ಕಿತು ಎನ್ನಿ. ಫಲಿತಾಂಶದಲ್ಲಿ ಒಂದೂಮುಕ್ಕಾಲು ಪ್ರತಿಶತ ವ್ಯತ್ಯಾಸ. ಇದು ವಿಡಿಯೋದಲ್ಲೂ ಕಾಣುವುದಿಲ್ಲ: ಮೂರು ಮಿಲಿಮೀಟರ್ ಬೀಳಲು ಆರು ಫ್ರೇಮ್ ಸಾಕು, ಅಷ್ಟರಲ್ಲಿ ಬಳೆ ಒಂದು ಡಿಗ್ರಿಯೂ ತಿರುಗಿರುವುದಿಲ್ಲ. ಪ್ರತಿಯೊಬ್ಬರ ಕೈಗೂ ಒಂದು ರೂಢಿ ಇರುತ್ತದೆ, ಒಂದೇ ಕಡೆಗೆ ತಿರುಚುತ್ತದೆ. ಉಪಾಯ ಸರಳ: ಐದು ಸಲ ತಟ್ಟೆಯನ್ನು ಬಲಕ್ಕೆ, ಐದು ಸಲ ಎಡಕ್ಕೆ ತಿರುವಿ, ಬಳೆಯನ್ನು ಅದೇ ಕೈ ಬಿಡಲಿ. ಕೈಯ ದೋಷ ಒಂದು ಕಡೆ ಕೂಡುತ್ತದೆ, ಇನ್ನೊಂದು ಕಡೆ ಕಳೆಯುತ್ತದೆ. ಸರಾಸರಿಯಲ್ಲಿ ಅದು ಹೋಗುತ್ತದೆ, ಎರಡು ಗುಂಪಿನ ವ್ಯತ್ಯಾಸದಲ್ಲಿ ಎಷ್ಟಿತ್ತೆಂದು ಗೊತ್ತೂ ಆಗುತ್ತದೆ.

ಲೇತ್‌ನವರ ಗೆರೆಗೆ ಬರೋಣ. ಬಳೆ ನಡುವಿನಿಂದ ಸರಿದು ಕೂತರೆ ಜಡತ್ವಕ್ಕೆ ಬಳೆಯ ತೂಕ ಗುಣಿಸು ಸರಿದ ದೂರದ ವರ್ಗದಷ್ಟು ಸೇರುತ್ತದೆ. ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಸೇರುವುದೇ ಹೊರತು ಕಳೆಯುವುದಿಲ್ಲ. ಆದ್ದರಿಂದ ಈ ತಪ್ಪು ಹತ್ತು ಸಲ ಮಾಡಿದರೂ ಸರಾಸರಿಯಲ್ಲಿ ಹೋಗುವುದಿಲ್ಲ, ಪ್ರತಿ ಸಲವೂ ತಟ್ಟೆ ಇನ್ನಷ್ಟು ನಿಧಾನವಾಗುತ್ತದೆ. ಸಮಾಧಾನವೆಂದರೆ ವರ್ಗದ ಲೆಕ್ಕ ಸಣ್ಣ ದೂರಕ್ಕೆ ಉದಾರಿ: 3 ಮಿಲಿಮೀಟರ್ ಸರಿದರೆ ಪ್ರತಿಶತ 0.07, ಗಮನಕ್ಕೇ ಬಾರದು. ಒಂದು ಸೆಂಟಿಮೀಟರ್‌ಗೆ 0.8, ಎರಡಕ್ಕೆ 3.2. ಎರಡು ಸೆಂಟಿಮೀಟರ್ ಸರಿದರೆ ಇನ್ನೊಂದು ಅಪಾಯವಿದೆ. ನಮ್ಮ ವೇಗಕ್ಕೆ ಘರ್ಷಣೆ ಬಳೆಯನ್ನು ಹಿಡಿದಿಡಲಾರದು, ಅದು ಹೊರಕ್ಕೆ ಜಾರುತ್ತಲೇ ಹೋಗಿ ಮೇಜಿನಿಂದ ಹಾರುತ್ತದೆ. ಒಂದು ಕಿಲೋಗ್ರಾಂ ಮೀರಿದ ಕಬ್ಬಿಣ. ಕಾಲಿಗೆ ಬೂಟು ಇರಲಿ. ಮೇಜು ವಾಲಿದ್ದರೂ ನಡುವೆ ಕೂತ ಬಳೆಗೆ ತೊಂದರೆಯಿಲ್ಲ. ಸರಿದ ಬಳೆಯಾದರೆ ಪ್ರತಿ ಸುತ್ತಿನಲ್ಲೂ ಇಳಿಜಾರಿಗೆ ವೇಗ ಹೆಚ್ಚಿ, ಏರಿಗೆ ಕುಗ್ಗುತ್ತದೆ. ಅರ್ಧರ್ಧ ಸುತ್ತು ಎಣಿಸಿದರೆ ಗ್ರಾಫಿನಲ್ಲಿ ಅಲೆ ಕಾಣುತ್ತದೆ. ಗೌಂಡಿಗಳ ರಸಮಟ್ಟ ಇಟ್ಟು ನೋಡಿದರೆ ಆ ಅಲೆ ಹೋಗುತ್ತದೆ.

ಎಲ್ಲ ಸರಿಯಾದ ಮೇಲೂ ಒಂದು ಲೆಕ್ಕ ಕೂಡುವುದಿಲ್ಲ, ಕೂಡಲೂಬಾರದು. ಬಳೆ ಬೀಳುವ ಮೊದಲು ತಟ್ಟೆ, ಹಬ್ ಎರಡರ ಚಲನಶಕ್ತಿ ಸುಮಾರು 1.18 ಜೂಲ್. ನಂತರ ಬಳೆಯೂ ಸೇರಿ 0.84. ನೂರಕ್ಕೆ 29ರಷ್ಟು ಮಾಯ. ಇದಕ್ಕೆ ಬೇರಿಂಗ್ ಕಾರಣವಲ್ಲ. ಬೇರಿಂಗ್‌ನಲ್ಲಿ ಘರ್ಷಣೆಯೇ ಇಲ್ಲದಿದ್ದರೂ ಇಷ್ಟು ಹೋಗಲೇಬೇಕು. ಆ ಕಿರ್ ಸದ್ದಿನ ಹೊತ್ತಿನಲ್ಲಿ ಅದು ಬಿಸಿಯಾಗಿದೆ. ಟ್ರ್ಯಾಕ್ಟರ್ ಓಡಿಸುವವರು ಇದನ್ನು ಬಲ್ಲರು: ತಿರುಗುವ ಫ್ಲೈವೀಲಿಗೆ ನಿಂತ ಕ್ಲಚ್ ಪ್ಲೇಟ್ ಕಚ್ಚಿಕೊಳ್ಳುವಾಗ, ಎರಡೂ ಒಂದೇ ವೇಗಕ್ಕೆ ಬರುವವರೆಗೆ ಉಜ್ಜಾಟವಿದ್ದೇ ಇರುತ್ತದೆ. ಅರ್ಧ ಕ್ಲಚ್‌ನಲ್ಲಿ ಗದ್ದೆಯ ಕೆಸರಿನಿಂದ ಮೇಲೆತ್ತಿದರೆ ಬರುವ ಸುಟ್ಟ ವಾಸನೆ ಅಲ್ಲಿಯದೇ. ನಮ್ಮ ಬಳೆಯಲ್ಲಿ ಆ ಬಿಸಿ ತಟ್ಟೆ ಬಳೆಗಳ ತುಂಬ ಹರಡಿದರೆ ಒಂದು ಡಿಗ್ರಿಯ ಸಾವಿರದಲ್ಲೊಂದು ಭಾಗವೂ ಏರುವುದಿಲ್ಲ. ತಟ್ಟೆಯ ಮೇಲೆ ಹಳೆ ಸೈಕಲ್ ಟ್ಯೂಬ್ ಅಂಟಿಸಿದರೆ ಜಾರುವ ಹೊತ್ತು ಕಡಿಮೆಯಾಗುತ್ತದೆ, ಹೋಗುವ ಶಕ್ತಿ ಮಾತ್ರ ಅಷ್ಟೇ ಇರುತ್ತದೆ. ಟ್ಯೂಬ್ ಅಂಟಿಸಿದರೆ ಅದನ್ನೂ ತೂಗಿ ಲೆಕ್ಕಕ್ಕೆ ಸೇರಿಸಿ.

ಈ ಪ್ರಯೋಗ ಮಾಡುವವರಲ್ಲಿ ನನ್ನದೊಂದು ಕೋರಿಕೆ. ರೆಕಾರ್ಡ್ ಪುಸ್ತಕದಲ್ಲಿ ಫ್ರೇಮ್ ಎಣಿಕೆಗಳನ್ನು ಬಂದ ಹಾಗೇ ಬರೆಯಿರಿ. ಜಾರುವ ಮೊದಲ ಸುತ್ತನ್ನು ಹೊಡೆದುಹಾಕದೆ ಬೇರೆ ಸಾಲಿನಲ್ಲಿಡಿ. ಮೊದಲ ಲೆಕ್ಕಕ್ಕೆ 94 ಬಂದಿದ್ದರೆ 94 ಎಂದೇ ಬರೆದು, ಅದರ ಕೆಳಗೆ ಆರು ಎಲ್ಲಿ ಹೋಯಿತೆಂಬ ಲೆಕ್ಕವನ್ನು ಬರೆಯಿರಿ.